ಉಳುಕಿದ ಕಾಲು: ಮೊದಲ ಮೂರು ದಿನ ಏನು ಮಾಡಬೇಕು, ಎಕ್ಸ್-ರೇ ಯಾವಾಗ ಬೇಕು

ಪ್ರಶ್ನೆ: ಡಾಕ್ಟ್ರೇ, ನನಗೆ 31 ವರ್ಷ, ಮೈಸೂರಿನವಳು. ನಿನ್ನೆ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಇಳಿಯುವಾಗ, ದೊಡ್ಡ ನಂದಿ ದಾಟಿದ ಮೇಲೆ ಎಡಗಾಲು ಒಳಕ್ಕೆ ಮಡಚಿಕೊಂಡಿತು. ‘ಟಕ್’ ಅಂತ ಸದ್ದೂ ಬಂತು. ಹೇಗೋ ಕುಂಟಿಕೊಂಡು ಕೆಳಗೆ ಇಳಿದೆ. ಇವತ್ತು ಹೊರಗಡೆ ಗಂಟಿನ ಸುತ್ತ ಬದನೆಕಾಯಿ ಥರ ಊದಿದೆ. ಅತ್ತೆ ಬಿಸಿ ಹರಳೆಣ್ಣೆ ಹಚ್ಚಿ ನೀವಿಸೋಣ, ಮಂಡ್ಯದ ಕಡೆ ಉಳುಕು ತೆಗೆಯೋರು ಇದ್ದಾರೆ ಅಂತಾರೆ. ನಮ್ಮೆಜಮಾನ್ರು ಮೊದಲು ಎಕ್ಸ್-ರೇ ಅಂತಾರೆ. ಐಸ್ ಇಡಬೇಕಾ, ಶಾಖ ಕೊಡಬೇಕಾ? ಎಕ್ಸ್-ರೇ ಬೇಕೇ ಬೇಕಾ?

ಉತ್ತರ: ಮೊದಲು ಒಂದು ಸಣ್ಣ ಕೆಲಸ ಮಾಡಿ. ಎಡಗಾಲಲ್ಲಿ ಕಾಲುಂಗುರ, ಚೈನು ಇನ್ನೂ ಇದ್ದರೆ ಈಗಲೇ ತೆಗೆದುಬಿಡಿ. ಊತ ಇವತ್ತು ಗಂಟಿನ ಹತ್ತಿರ ಇದೆ. ನಾಳೆ ಬೆರಳುಗಳ ಕಡೆ ಇಳಿಯುತ್ತದೆ. ಆಮೇಲೆ ಕಾಲುಂಗುರ ಹೊರಗೆ ಬರುವುದಿಲ್ಲ, ಬೆರಳಿಗೆ ಹೋಗುವ ರಕ್ತವನ್ನೇ ಕಟ್ಟಿ ಹಿಡಿಯುತ್ತದೆ. ಸೋಪು ನೀರು ಹಚ್ಚಿ ತಿರುಗಿಸುತ್ತಾ ತೆಗೆಯಿರಿ. ಹಾಗೂ ಬರದಿದ್ದರೆ ಅಕ್ಕಸಾಲಿಗರ ಹತ್ತಿರ ಕತ್ತರಿಸಿಸಿ. ಬೆಳ್ಳಿ ಇನ್ನೊಂದು ಮಾಡಿಸಬಹುದು.

ಹರಳೆಣ್ಣೆ ಇನ್ನೆರಡು ದಿನ ಸೀಸೆಯಲ್ಲೇ ಇರಲಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊದಲು ಎಕ್ಸ್-ರೇ ಮಾತು ಮುಗಿಸೋಣ, ಏಕೆಂದರೆ ಮೂಳೆ ಮುರಿದಿಲ್ಲ ಅಂತ ಗೊತ್ತಾದ ಮೇಲೆ ತಾನೇ ಉಳಿದ ಆರೈಕೆ.

ಊತ ನೋಡಿ ಎಕ್ಸ್-ರೇ ಬೇಕೋ ಬೇಡವೋ ಹೇಳುವುದಕ್ಕೆ ಆಗುವುದಿಲ್ಲ. ‘ಟಕ್’ ಸದ್ದನ್ನು ನಂಬಿಯೂ ಹೇಳುವುದಕ್ಕೆ ಆಗುವುದಿಲ್ಲ. ಕಾಲಿನ ಗಂಟಿನ ಮೇಲೆ ಮಾಂಸವೇ ಇಲ್ಲ, ಬರೀ ತೆಳು ಚರ್ಮ. ಒಳಗೆ ಒಂದು ಸಣ್ಣ ರಕ್ತನಾಳ ಹರಿದರೂ ಅರ್ಧ ಗಂಟೆಯಲ್ಲಿ ನಿಂಬೆಹಣ್ಣಿನಷ್ಟು ಊತ ಏಳುತ್ತದೆ. ನಾರು ಹರಿದಾಗಲೂ ಸದ್ದು ಬರುತ್ತದೆ, ಮೂಳೆ ಮುರಿದಾಗಲೂ ಬರುತ್ತದೆ. ನಾವು ನಂಬುವುದು ಎರಡನ್ನು: ಬೆರಳಲ್ಲಿ ಒತ್ತಿದಾಗ ನೋವು ಎಲ್ಲಿದೆ ಮತ್ತು ನಾಲ್ಕು ಹೆಜ್ಜೆ ಇಡಲು ಆಗುತ್ತದೋ ಇಲ್ಲವೋ.

ಇದು ನನ್ನ ಸ್ವಂತ ಲೆಕ್ಕ ಅಲ್ಲ. ಕೆನಡಾದ ಒಟ್ಟಾವ ಊರಿನಲ್ಲಿ ಇಯಾನ್ ಸ್ಟೀಲ್ ಅನ್ನುವ ಎಮರ್ಜೆನ್ಸಿ ಡಾಕ್ಟರು ಮತ್ತು ಅವರ ಜೊತೆಯವರು 1992ರಲ್ಲಿ ಈ ನಿಯಮ ಪ್ರಕಟಿಸಿದರು. ಕಾಲು ಉಳುಕಿಸಿಕೊಂಡು ಬಂದವರಿಗೆಲ್ಲ ಎಕ್ಸ್-ರೇ ತೆಗೆಯುತ್ತಿದ್ದರು, ಮುರಿದಿರುತ್ತಿದ್ದುದು ನೂರಕ್ಕೆ ಹದಿನೈದು ಜನಕ್ಕೂ ಕಡಿಮೆ. ಹಾಗಾದರೆ ಆ ಕೆಲವರನ್ನು ಕೈಯಲ್ಲೇ ಮುಟ್ಟಿ ಹುಡುಕಬಹುದಾ ಅಂತ ನೋಡಿದರು. ಆಗುತ್ತದೆ ಅಂತ ಗೊತ್ತಾಯಿತು. ಆಮೇಲೆ ಬೇರೆ ಬೇರೆ ದೇಶಗಳಲ್ಲೂ ಪರೀಕ್ಷೆ ಮಾಡಿದ್ದಾರೆ. ಈ ನಿಯಮದ ಪ್ರಕಾರ ಎಕ್ಸ್-ರೇ ಬೇಡ ಅಂದವರಲ್ಲಿ ಮುರಿತ ಸಿಕ್ಕಿದ್ದು ನೂರಕ್ಕೆ ಇಬ್ಬರಿಗಿಂತ ಕಡಿಮೆ. ಡಾಕ್ಟರ ಕೈಗೆಂದೇ ಮಾಡಿದ ಪರೀಕ್ಷೆ ಇದು. ಆದರೆ ಮನೆಯಲ್ಲಿ ಮಾಡಿ ನೋಡಿದರೆ ಆಸ್ಪತ್ರೆಗೆ ಇವತ್ತೇ ಓಡಬೇಕಾ, ಸ್ವಲ್ಪ ನಿಧಾನಿಸಬಹುದಾ ಅಂತ ತಿಳಿಯುತ್ತದೆ.

ನಿಮ್ಮ ಯಜಮಾನರನ್ನು ಕೂರಿಸಿಕೊಂಡು ಹೀಗೆ ಮಾಡಿ. ನೀವು ಮಂಚದ ಮೇಲೆ ಕೂತು ಕಾಲು ಚಾಚಿ. ಗಂಟಿನ ಹೊರಗಡೆ ಉಬ್ಬಿದ ಮೂಳೆ ಇದೆಯಲ್ಲ, ಅದು ಫಿಬುಲಾ ಅನ್ನುವ ಸಣ್ಣ ಮೂಳೆಯ ಕೊನೆ. ಮೊಣಕಾಲಿನ ಹತ್ತಿರದಿಂದ ಹೊರಗಡೆಯೇ ಇಳಿದು ಬರುತ್ತದೆ. ಆ ಉಬ್ಬಿನ ತುದಿಯಿಂದ ಮೇಲಕ್ಕೆ 6 ಸೆಂ.ಮೀ. ನಮ್ಮ ಜಾಗ. ಕೈಯ ನಾಲ್ಕು ಬೆರಳು ಅಡ್ಡಕ್ಕೆ ಇಟ್ಟರೆ ಹತ್ತಿರ ಹತ್ತಿರ ಅಷ್ಟು ಬರುತ್ತದೆ. ಅಲ್ಲಿ ಮೂಳೆಯ ಹಿಂಭಾಗದ ಅಂಚನ್ನು, ಅಂದರೆ ಹಿಮ್ಮಡಿಯ ಕಡೆ ಇರುವ ಅಂಚನ್ನು, ಹೆಬ್ಬೆರಳಲ್ಲಿ ಮೇಲಿನಿಂದ ಕೆಳಕ್ಕೆ ಒಂದೊಂದೇ ಕಡೆ ಒತ್ತುತ್ತಾ ಬನ್ನಿ. ಕೊನೆಗೆ ಉಬ್ಬಿನ ತುದಿಯನ್ನೂ ಒತ್ತಿ. ಉಗುರು ಸ್ವಲ್ಪ ಬೆಳ್ಳಗಾಗುವಷ್ಟು ಒತ್ತಡ ಸಾಕು.

ಹಿಂದಿನ ಅಂಚೇ ಯಾಕೆ ಅಂದರೆ, ಮುಂದೆ ಒತ್ತಿದರೆ ಎಲ್ಲರಿಗೂ ನೋಯುತ್ತದೆ. ಕಾಲು ಒಳಕ್ಕೆ ಮಡಚಿದಾಗ ಹೆಚ್ಚಾಗಿ ಹರಿಯುವ ಲಿಗಮೆಂಟ್ ಆ ಉಬ್ಬಿನ ಮುಂದೆ, ಸ್ವಲ್ಪ ಕೆಳಗೆ ಇರುವ ಮೆತ್ತನೆಯ ಗುಂಡಿಯಲ್ಲಿದೆ. ಮೂಳೆಗೂ ಮೂಳೆಗೂ ಕಟ್ಟಿರುವ ನಾರು ಅದು. ಉಳುಕಿದವರಿಗೆಲ್ಲ ‘ಅಯ್ಯೋ’ ಅನ್ನಿಸುವ ಜಾಗ ಅದೇ. ಅಲ್ಲಿ ನೋವಿದ್ದರೆ ಅದು ಉಳುಕಿನ ನೋವು. ಹಿಂದಿನ ಅಂಚಿನ ಮೇಲೆ ನಾರಿನ ಗಲಾಟೆ ಕಡಿಮೆ. ಅಲ್ಲಿ ಒತ್ತಿದಾಗ ಚುಳ್ ಅಂದರೆ ಮೂಳೆಯ ಮೇಲೇ ಅನುಮಾನ.

ಒಳಗಡೆ ಗಂಟಿಗೂ ಇದೇ ರೀತಿ ಮಾಡಿ. ಆಮೇಲೆ ಪಾದಕ್ಕೆ ಬನ್ನಿ. ಕಿರುಬೆರಳಿನಿಂದ ಹೊರ ಅಂಚಿನಲ್ಲೇ ಬೆರಳು ಜಾರಿಸುತ್ತಾ ಹಿಮ್ಮಡಿ ಕಡೆ ಬಂದರೆ, ಸುಮಾರು ಅರ್ಧ ದಾರಿಯಲ್ಲಿ ಒಂದು ಮೂಳೆ ಉಬ್ಬು ಸಿಗುತ್ತದೆ. ಒಳ್ಳೆಯ ಕಾಲಲ್ಲಿ ಮೊದಲು ಹುಡುಕಿಕೊಳ್ಳಿ, ಸುಲಭವಾಗುತ್ತದೆ. ಈ ಉಬ್ಬನ್ನು ಮರೆಯಲೇಬಾರದು. ಪಾದವನ್ನು ಹೊರಕ್ಕೆ ಎಳೆಯುವ ಒಂದು ಸ್ನಾಯುವಿನ ಹುರಿ ಅಲ್ಲಿ ಅಂಟಿಕೊಂಡಿದೆ. ಕಾಲು ಒಳಕ್ಕೆ ಮಡಚಿದಾಗ ಆ ಹುರಿ ಮೂಳೆಯ ಚೂರನ್ನೇ ಕಿತ್ತುಕೊಂಡು ಬರಬಹುದು. ಕೊನೆಗೆ ಪಾದದ ಒಳ ಬದಿ, ಒಳಗಂಟಿನಿಂದ ಮುಂದಕ್ಕೆ ಮತ್ತು ಸ್ವಲ್ಪ ಕೆಳಕ್ಕೆ ಇರುವ ಉಬ್ಬು. ಅಲ್ಲೂ ಒತ್ತಿ ನೋಡಿ.

ಈ ನಾಲ್ಕು ಕಡೆ ಎಲ್ಲಾದರೂ ಮೂಳೆ ಮೇಲೆ ನೋವಿದ್ದರೆ ಎಕ್ಸ್-ರೇ ಬೇಕು. ಉಬ್ಬಿದ ಗಂಟುಗಳ ಹತ್ತಿರ ನೋವಿದ್ದರೆ ಗಂಟಿನ ಎಕ್ಸ್-ರೇ, ಪಾದದ ಮಧ್ಯದಲ್ಲಿ ನೋವಿದ್ದರೆ ಪಾದದ ಎಕ್ಸ್-ರೇ. ಇವೆರಡೂ ಬೇರೆ ಬೇರೆ ಫಿಲ್ಮ್. ಗಂಟಿನದನ್ನು ಮಾತ್ರ ತೆಗೆದರೆ ಪಾದದ ಮುರಿತ ತಪ್ಪಿಹೋಗಬಹುದು.

ಎಲ್ಲೂ ನೋವಿಲ್ಲ, ಆದರೆ ಬಿದ್ದ ತಕ್ಷಣವೂ ನಾಲ್ಕು ಹೆಜ್ಜೆ ಇಡಲು ಆಗಲಿಲ್ಲ, ಈಗಲೂ ಆಗುತ್ತಿಲ್ಲ ಅಂದರೂ ಎಕ್ಸ್-ರೇ ಬೇಕು. ನಾಲ್ಕು ಹೆಜ್ಜೆ ಅಂದರೆ ಪ್ರತಿ ಕಾಲಿಗೆ ಎರಡೆರಡು ಸಲ ಭಾರ ಬೀಳಬೇಕು. ಕುಂಟಿದರೂ ಲೆಕ್ಕಕ್ಕುಂಟು. ಗೋಡೆ ಹಿಡಿದು ಒಂದೇ ಕಾಲಲ್ಲಿ ಕುಪ್ಪಳಿಸಿದರೆ ಲೆಕ್ಕಕ್ಕಿಲ್ಲ.

ನಿಮ್ಮ ವಿಷಯದಲ್ಲಿ ಈ ಎರಡನೇ ಭಾಗ ಆಗಲೇ ಪಾಸಾಗಿದೆ. ನಂದಿಯಿಂದ ಕೆಳಗೆ ನೂರಾರು ಮೆಟ್ಟಿಲು ಆ ಕಾಲಲ್ಲೇ ಇಳಿದಿದ್ದೀರಿ. ಮಾಡಬೇಕಾಗಿತ್ತು ಅಂತಲ್ಲ, ಆದರೆ ಬೇರೆ ದಾರಿ ಇರಲಿಲ್ಲ ಅಲ್ವಾ. ಉಳಿದದ್ದು ಬೆರಳಿನ ಪರೀಕ್ಷೆ ಮಾತ್ರ. ಹಿಂದಿನ ಅಂಚು, ತುದಿ, ಒಳಗಂಟು, ಪಾದದ ಎರಡು ಉಬ್ಬು, ಎಲ್ಲೂ ಚುಳ್ ಅನ್ನದೆ, ಮುಂದಿನ ಗುಂಡಿಯಲ್ಲಿ ಮಾತ್ರ ನೋವಿದ್ದರೆ ಇವತ್ತು ಎಕ್ಸ್-ರೇ ಬೇಡ. ನಿಮ್ಮ ಯಜಮಾನರಿಗೆ ಸಮಾಧಾನವಾಗದಿದ್ದರೆ ಇನ್ನೊಂದು ಮಾತು ಹೇಳಿ: ಎಕ್ಸ್-ರೇಯಲ್ಲಿ ಮೂಳೆ ಕಾಣುತ್ತದೆ, ಲಿಗಮೆಂಟ್ ಕಾಣುವುದಿಲ್ಲ. ಫಿಲ್ಮ್ ನಾರ್ಮಲ್ ಬಂತು ಅಂತ ಮಾರನೇ ದಿನವೇ ಸ್ಕೂಟರ್ ಹತ್ತಿ ಹೋದವರ ಕಾಲು ಇನ್ನಷ್ಟು ಊದಿಸಿಕೊಂಡು ಬರುವುದನ್ನು ನಾನು ವಾರವಾರವೂ ನೋಡುತ್ತೇನೆ.

ಎರಡು ಕಾಲುಗಳ ಕಥೆ ಹೇಳಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಕಬಡ್ಡಿ ಆಡುವ ಒಬ್ಬ ಕಾಲೇಜು ಹುಡುಗನನ್ನು ಶ್ರೀರಂಗಪಟ್ಟಣದಿಂದ ಇಬ್ಬರು ಗೆಳೆಯರು ಹೊತ್ತುಕೊಂಡು ಬಂದರು. ಕಾಲು ನೋಡಿದರೆ ಗಾಬರಿಯಾಗಬೇಕು, ಗಂಟೇ ಕಾಣುತ್ತಿರಲಿಲ್ಲ. ಒತ್ತಿ ನೋಡಿದೆ. ಮುಂದಿನ ಗುಂಡಿಯಲ್ಲಿ ಕೂಗಿದ, ಹಿಂದಿನ ಅಂಚಿನಲ್ಲಿ ಸುಮ್ಮನಿದ್ದ. ನಡಿ ಅಂದರೆ ಬೈದುಕೊಂಡೇ ಆರು ಹೆಜ್ಜೆ ನಡೆದ. ಎಕ್ಸ್-ರೇ ತೆಗೆಸಲಿಲ್ಲ. ಆರು ವಾರಕ್ಕೆ ಮತ್ತೆ ಓಡುತ್ತಿದ್ದ. ಅದೇ ತಿಂಗಳು ಪಾಂಡವಪುರದ ಕಡೆಯಿಂದ ಐವತ್ತು ದಾಟಿದ ಒಬ್ಬ ತಾಯಿ ಬಂದರು. ಗದ್ದೆ ಬದುವಿನ ಮೇಲೆ ಹುಲ್ಲು ಹೊರೆ ಹೊತ್ತು ಬರುವಾಗ ಕಾಲು ಜಾರಿತ್ತು. ಊತ ಒಂದು ಅಡಿಕೆಯಷ್ಟು. ನಡೆದೇ ಬಂದಿದ್ದರು, ನಾಲ್ಕು ದಿನ ಕೆಲಸವನ್ನೂ ಮಾಡಿದ್ದರು. ಆದರೆ ಪಾದದ ಹೊರ ಅಂಚಿನ ಆ ಉಬ್ಬನ್ನು ಮುಟ್ಟಿದ್ದೇ ತಡ, ಕಾಲು ಎಳೆದುಕೊಂಡರು. ಪಾದದ ಫಿಲ್ಮಿನಲ್ಲಿ ಚೂರು ಕಿತ್ತು ಬಂದಿರುವುದು ಎದ್ದು ಕಾಣುತ್ತಿತ್ತು.

ಈ ನಿಯಮಕ್ಕೂ ಮಿತಿ ಇದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಮುರಿದಿದ್ದರೂ ನೋವು ಗೊತ್ತಾಗುವುದಿಲ್ಲ. ಅವರು ಬೆರಳಿನ ಪರೀಕ್ಷೆ ನಂಬಬಾರದು, ಸೀದಾ ಎಕ್ಸ್-ರೇ. ಕುಡಿದು ಬಿದ್ದವರಿಗೂ ಅಮಲು ಇಳಿಯುವ ತನಕ ಇದು ನಡೆಯದು. ಮಕ್ಕಳಿಗೆ ಮೂಳೆ ಬೆಳೆಯುವ ಜಾಗ ಲಿಗಮೆಂಟಿಗಿಂತ ಮೆತ್ತಗಿರುತ್ತದೆ, ಅದಕ್ಕೆ ಅವರನ್ನು ಡಾಕ್ಟರೇ ನೋಡಬೇಕು. ವಯಸ್ಸಾದವರಲ್ಲಿ ಮೂಳೆ ಸವೆದಿರುತ್ತದೆ. ನನಗೆ ಸಣ್ಣ ಅನುಮಾನ ಬಂದರೂ ಅವರಿಗೆ ಫಿಲ್ಮ್ ತೆಗೆಸುತ್ತೇನೆ.

ಇನ್ನು ಕೆಲವಕ್ಕೆ ಪರೀಕ್ಷೆ ಮಾಡುತ್ತಾ ಕೂರಬಾರದು. ಪಾದ ಸೊಟ್ಟಗೆ ತಿರುಗಿದ್ದರೆ, ಗಾಯದಲ್ಲಿ ಮೂಳೆ ಕಂಡರೆ, ಬೆರಳುಗಳು ತಣ್ಣಗೆ, ನೀಲಿ ಅಥವಾ ಬಿಳಿಚಿಕೊಂಡಿದ್ದರೆ ತಕ್ಷಣ ಕೆ.ಆರ್. ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ, ಯಾವುದು ಹತ್ತಿರವೋ ಅಲ್ಲಿಗೆ ಹೋಗಿ. ಹಿಮ್ಮಡಿಯ ಮೇಲೆ ಹಿಂದಿನಿಂದ ಯಾರೋ ಒದ್ದ ಹಾಗಾಗಿ, ಆಮೇಲೆ ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ ಅದು ಉಳುಕಲ್ಲ, ಹಿಮ್ಮಡಿಯ ದೊಡ್ಡ ಹುರಿ ಹರಿದಿರಬಹುದು. ಮೊಣಕಾಲಿನ ಕೆಳಗೆ ಹೊರಗಡೆ ಒತ್ತಿದಾಗ ನೋವಿದ್ದರೂ ಡಾಕ್ಟರಿಗೆ ಹೇಳಬೇಕು. ಕೆಳಗೆ ತಿರುಚಿದ ಪೆಟ್ಟು ಕೆಲವೊಮ್ಮೆ ಫಿಬುಲಾವನ್ನು ಮೇಲ್ಗಡೆ ಮುರಿಯುತ್ತದೆ.

ಈಗ ನಿಮ್ಮ ಅತ್ತೆಯವರ ಎಣ್ಣೆಗೆ ಬರೋಣ. ಉಳುಕು ಅಂದರೆ ಏನೋ ಜಾಗ ತಪ್ಪಿದೆ, ಎಳೆದು ನೀವಿದರೆ ಮತ್ತೆ ಜಾಗಕ್ಕೆ ಕೂರುತ್ತದೆ ಅಂತ ನಮ್ಮ ಕಡೆ ನಂಬಿಕೆ. ನಿಜಕ್ಕೂ ಜಾಗ ತಪ್ಪಿದ್ದು ಏನೂ ಇಲ್ಲ. ಮೆಟ್ಟಿಲು ಇಳಿಯುವಾಗ ಬೆರಳು ಕೆಳಕ್ಕೆ ಬಾಗಿರುತ್ತದೆ. ಗಂಟಿನ ಒಳಗಿನ ಮೂಳೆ ಮುಂದೆ ಅಗಲ, ಹಿಂದೆ ಕಿರಿದು. ಬೆರಳು ಬಾಗಿದಾಗ ಆ ಕಿರಿದಾದ ಭಾಗ ಕೀಲಿನೊಳಗೆ ಬರುತ್ತದೆ, ಗಂಟು ಹಳೇ ಬಾಗಿಲಿನ ಹಾಗೆ ಸ್ವಲ್ಪ ಸಡಿಲವಾಗುತ್ತದೆ. ಭಾರವೆಲ್ಲ ಮುಂದಿನ ಲಿಗಮೆಂಟಿನ ಮೇಲೆ ಬೀಳುತ್ತದೆ. ಅದಕ್ಕೇ ಬೆಟ್ಟ ಹತ್ತುವಾಗಿಗಿಂತ ಇಳಿಯುವಾಗ ಜಾಸ್ತಿ ಉಳುಕುವುದು. ಆ ನಾರು ಈಗ ಅರ್ಧ ಹರಿದ ಹಗ್ಗದ ಹಾಗಿದೆ. ಅದನ್ನು ಎಳೆದು ನೀವಿದರೆ ಉಳಿದರ್ಧವೂ ಹೋಗುತ್ತದೆ, ನಿಂತ ರಕ್ತ ಮತ್ತೆ ಒಸರುತ್ತದೆ. ಬಿಸಿ ಎಣ್ಣೆ, ಉಪ್ಪಿನ ಬಿಸಿನೀರು, ಬಿಸಿ ಇಟ್ಟಿಗೆ ಶಾಖ ಎಲ್ಲವೂ ರಕ್ತನಾಳವನ್ನು ಅಗಲ ಮಾಡುತ್ತವೆ. ಮೊದಲ 72 ಗಂಟೆ ಇವು ಬೇಡ. ಊತ ಇಳಿಯಲು ಶುರುವಾದ ಮೇಲೆ ಅತ್ತೆಯವರು ಬೆಚ್ಚಗೆ ಎಣ್ಣೆ ಸವರಿದರೆ ನನ್ನ ತಕರಾರಿಲ್ಲ. ಸವರುವುದು ಮಾತ್ರ.

ಮೊಟ್ಟೆ ಬಿಳಿ ಹಚ್ಚಿ ಬಟ್ಟೆ ಬಿಗಿದು ಕಟ್ಟುವುದನ್ನಂತೂ ಬೇಡವೇ ಬೇಡ ಅನ್ನುತ್ತೇನೆ. ಅದು ಒಣಗಿ ಹಲಗೆ ಥರ ಆಗುತ್ತದೆ. ಊತ ಎರಡನೇ ದಿನ ಇನ್ನೂ ಏರುತ್ತದೆ, ಕಟ್ಟು ಒಂಚೂರೂ ಬಿಡುವುದಿಲ್ಲ. ಬಿಚ್ಚಿದಾಗ ಚರ್ಮದ ತುಂಬ ನೀರು ಗುಳ್ಳೆ ಎದ್ದಿದ್ದ ಕಾಲುಗಳನ್ನು ನಾನು ನೋಡಿದ್ದೇನೆ.

ಐಸ್ ಇಡಿ. ಆದರೆ ಅದರಿಂದ ಏನು ಸಿಗುತ್ತದೆ ಅಂತ ತಿಳಿದು ಇಡಿ. ನೋವು ಚೆನ್ನಾಗಿ ಕಡಿಮೆಯಾಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಊತ ಎಷ್ಟು ಇಳಿಸುತ್ತದೆ, ಬೇಗ ವಾಸಿ ಮಾಡುತ್ತದಾ ಅನ್ನುವುದಕ್ಕೆ ಪುರಾವೆ ತೆಳು. ರೆಸ್ಟು, ಐಸು, ಬಿಗಿ ಕಟ್ಟು, ಕಾಲು ಮೇಲಿಡುವುದು ಅನ್ನುವ ನಾಲ್ಕನ್ನು 1978ರಲ್ಲಿ ಒಂದು ಸೂತ್ರ ಮಾಡಿ ಜನಪ್ರಿಯಗೊಳಿಸಿದ ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್ ಅವರೇ, ಜಾಸ್ತಿ ಐಸ್ ಮತ್ತು ಪೂರ್ತಿ ರೆಸ್ಟ್ ವಾಸಿಯಾಗುವುದನ್ನು ತಡ ಮಾಡಬಹುದು ಅಂತ 2014ರಲ್ಲಿ ಬರೆದರು. ಅದಕ್ಕೆ ನಾನು ಐಸನ್ನು ನೋವಿನ ಮಾತ್ರೆಯ ಹಾಗೆ ನೋಡುತ್ತೇನೆ. ನೋವಿದ್ದಾಗ ಇಡಿ, ಇಲ್ಲದಿದ್ದರೆ ಗಂಟೆ ನೋಡಿಕೊಂಡು ಇಡಬೇಕಿಲ್ಲ.

ಇಡುವ ರೀತಿ ಹೀಗೆ. ಐಸ್ ಚೂರುಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಸ್ವಲ್ಪ ನೀರು ಸೇರಿಸಿ, ಗಾಳಿ ತೆಗೆದು ಕಟ್ಟಿ. ಗಂಟಿನ ಆಕಾರಕ್ಕೆ ಅದು ಬಾಗುತ್ತದೆ. ಫ್ರೀಜರಿನಲ್ಲಿ ಬಟಾಣಿಯೋ ಹಿತಕಿದ ಅವರೆಕಾಳೋ ಪ್ಯಾಕೆಟ್ ಇದ್ದರೆ ಅದೂ ಆಗುತ್ತದೆ, ಆಮೇಲೆ ಸಾರಿಗೆ ಹಾಕಬೇಡಿ ಅಷ್ಟೇ. ಒದ್ದೆ ಮಾಡಿ ಹಿಂಡಿದ ತೆಳು ಟವೆಲ್ ಚರ್ಮದ ಮೇಲೆ ಹಾಕಿ, ಅದರ ಮೇಲೆ ಐಸ್. 15 ನಿಮಿಷ, ಜಾಸ್ತಿ ಅಂದರೆ 20. ಮತ್ತೆ ಇಡಲು ಎರಡು ಗಂಟೆಯಾದರೂ ಬಿಡಿ. ಮೊದಲು ತಣ್ಣಗೆ ಅನ್ನಿಸುತ್ತದೆ, ಆಮೇಲೆ ಉರಿ, ಆಮೇಲೆ ಸೆಳೆತ, ಕೊನೆಗೆ ಜೋಮು. ಜೋಮು ಬಂತು ಅಂದರೆ ತೆಗೆಯಿರಿ.

ಮೆಡಿಕಲ್ ಅಂಗಡಿಯ ಜೆಲ್ ಪ್ಯಾಕ್ ಬಳಸುವವರು ಇನ್ನೂ ಹುಷಾರಾಗಿರಬೇಕು. ಕರಗುತ್ತಿರುವ ಐಸ್ ಸೊನ್ನೆ ಡಿಗ್ರಿಗಿಂತ ಕೆಳಗೆ ಹೋಗುವುದಿಲ್ಲ. ಫ್ರೀಜರಿನಿಂದ ಆಗತಾನೆ ತೆಗೆದ ಜೆಲ್ ಪ್ಯಾಕ್ ಅದಕ್ಕಿಂತ ತುಂಬಾ ತಣ್ಣಗಿರುತ್ತದೆ. ನಾನು ಓದುತ್ತಿದ್ದಾಗ ಶಟಲ್ ಆಡಿ ಕಾಲು ಉಳುಕಿಸಿಕೊಂಡು, ರಾತ್ರಿ ಆ ಪ್ಯಾಕನ್ನು ಬರೀ ಚರ್ಮದ ಮೇಲೆ ಕಟ್ಟಿಕೊಂಡು ನಿದ್ದೆ ಹೋದೆ. ಬೆಳಿಗ್ಗೆ ಎದ್ದರೆ ಉಳುಕಿಗಿಂತ ಚರ್ಮದ ಸುಟ್ಟ ಗಾಯವೇ ದೊಡ್ಡದಾಗಿತ್ತು. ಮೂಳೆ ಡಾಕ್ಟರಾಗುವವನ ಕಾಲಿನ ಕಲೆ ಇವತ್ತಿಗೂ ಇದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರು ಐಸ್ ಇಡಲೇಬಾರದು, ಅವರಿಗೆ ಜೋಮು ಬಂದದ್ದೇ ತಿಳಿಯುವುದಿಲ್ಲ.

ಈ ಮೂರು ದಿನದಲ್ಲಿ ಐಸಿಗಿಂತ ನಾನು ಹೆಚ್ಚು ನಂಬುವುದು ಕಟ್ಟನ್ನು. ಅದನ್ನೇ ಜನ ಸರಿಯಾಗಿ ಕಟ್ಟುವುದಿಲ್ಲ. ಗಂಟಿಗೆ ಮಾತ್ರ ನಾಲ್ಕು ಸುತ್ತು ಸುತ್ತಿ ಪಿನ್ ಹಾಕುತ್ತಾರೆ. ಬೆರಳುಗಳು ಸೌತೆಕಾಯಿಯ ಹಾಗೆ ಊದಿಕೊಳ್ಳುತ್ತವೆ, ಏಕೆಂದರೆ ಮೇಲೆ ಕಟ್ಟಿ ಕೆಳಗಿನ ನೀರಿಗೆ ದಾರಿಯೇ ಇಲ್ಲದ ಹಾಗೆ ಮಾಡಿರುತ್ತಾರೆ.

10 ಸೆಂ.ಮೀ. ಅಂದರೆ ನಾಲ್ಕಿಂಚಿನ ಕ್ರೇಪ್ ಬ್ಯಾಂಡೇಜ್ ತನ್ನಿ. ಕಟ್ಟುವ ಮೊದಲು ಒಂದು ಹಳೇ ಕಾಲುಚೀಲವನ್ನು ಉದ್ದಕ್ಕೆ ಮಡಚಿ, ಕುದುರೆ ಲಾಳದ ಆಕಾರ ಮಾಡಿ, ಹೊರಗಂಟಿನ ಉಬ್ಬಿನ ಸುತ್ತ ಕೆಳಗಿನಿಂದ ಕೂರಿಸಿ. ಉಬ್ಬು ಲಾಳದ ಮಧ್ಯದಲ್ಲಿರಬೇಕು. ಇದು ಯಾಕೆ ಅಂದರೆ, ಬ್ಯಾಂಡೇಜ್ ಬಿಗಿದಾಗ ಉಬ್ಬಿದ ಮೂಳೆಯ ಮೇಲೆ ಗುಡಾರದ ಬಟ್ಟೆಯ ಹಾಗೆ ನಿಲ್ಲುತ್ತದೆ. ಒತ್ತಡವೆಲ್ಲ ಮೂಳೆಗೆ. ನೀರು ತುಂಬುವ ಜಾಗ ಅದರ ಸುತ್ತಲ ಗುಂಡಿ, ಅಲ್ಲಿ ಬಟ್ಟೆ ಮುಟ್ಟುವುದೇ ಇಲ್ಲ. ಲಾಳ ಆ ಗುಂಡಿಯನ್ನು ತುಂಬುತ್ತದೆ.

ಈಗ ಪಾದವನ್ನು ನಿಂತಾಗ ಇರುವ ಹಾಗೆ ತೊಂಬತ್ತು ಡಿಗ್ರಿಗೆ ತನ್ನಿ. ಬೆರಳುಗಳ ಬುಡದಿಂದ ಶುರು ಮಾಡಿ. ಪಾದದ ಮೇಲ್ಗಡೆ ಕಿರುಬೆರಳಿನ ಕಡೆಯಿಂದ ಹೆಬ್ಬೆರಳಿನ ಕಡೆಗೆ, ಅಂಗಾಲಿನ ಕೆಳಗೆ ಹಾಯಿಸಿ, ಹೊರಗಡೆಯಿಂದ ಮೇಲಕ್ಕೆ. ಈ ದಿಕ್ಕಿನಲ್ಲಿ ಸುತ್ತಿದರೆ ಕಟ್ಟು ಪಾದವನ್ನು ಹೊರಕ್ಕೆ ಎತ್ತಿ ಹಿಡಿಯುತ್ತದೆ, ಹರಿದ ನಾರಿಗೆ ಎಳೆತ ಬೀಳುವುದಿಲ್ಲ. ಎರಡು ಸುತ್ತಿನ ಮೇಲೆ ಗಂಟಿನ ಹಿಂದಿನಿಂದ ಹಾಯಿಸಿ ಮತ್ತೆ ಪಾದಕ್ಕೆ ತಂದು, ಇಂಗ್ಲಿಷಿನ ಎಂಟರ ಆಕಾರ ಬರಲಿ. ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚಬೇಕು. ಹಿಮ್ಮಡಿಯನ್ನೂ ಮುಚ್ಚಿ, ಕಿಟಕಿ ಬಿಡಬೇಡಿ. ಹಾಗೇ ಮೀನಖಂಡದ ಅರ್ಧದ ತನಕ ಹೋಗಿ ಅಂಟಿಸಿ. ಕೆಳಗೆ ಸ್ವಲ್ಪ ಬಿಗಿ, ಮೇಲೆ ಹೋಗುತ್ತಾ ಸಡಿಲ. ಬ್ಯಾಂಡೇಜನ್ನು ಪೂರ್ತಿ ಎಳೆದರೆ ಎಷ್ಟುದ್ದ ಬರುತ್ತದೋ ಅದರ ಅರ್ಧದಷ್ಟು ಎಳೆತ ಸಾಕು.

ಕಟ್ಟಿದ ಹತ್ತು ನಿಮಿಷಕ್ಕೆ ಹೆಬ್ಬೆರಳಿನ ಉಗುರು ಒತ್ತಿ ಬಿಡಿ. ಬೆಳ್ಳಗಾದದ್ದು ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾಗಬೇಕು. ನೇಲ್ ಪಾಲಿಶ್ ಇದ್ದರೆ ಬೆರಳ ತುದಿ ಒತ್ತಿ ನೋಡಿ. ತಡವಾದರೆ, ಬೆರಳು ಜುಮ್ಮೆಂದರೆ, ತಣ್ಣಗಾದರೆ ಬಿಚ್ಚಿ ಮತ್ತೆ ಕಟ್ಟಿ. ರಾತ್ರಿ ಮಲಗುವಾಗ ಬಿಚ್ಚಿಡಿ. ಬೆಳಿಗ್ಗೆ ಮಂಚದಿಂದ ಕಾಲು ಕೆಳಗಿಡುವ ಮೊದಲೇ ಕಟ್ಟಿಕೊಳ್ಳಿ. ಒಂದು ಸಲ ಕೆಳಗಿಟ್ಟರೆ ನೀರು ಇಳಿದುಬಿಡುತ್ತದೆ.

ಕಾಲು ಮೇಲಿಡಿ ಅಂದರೆ ಸೋಫಾದಲ್ಲಿ ಕೂತು ಸ್ಟೂಲಿನ ಮೇಲೆ ಇಡುವುದಲ್ಲ. ಗಂಟು ಎದೆಗಿಂತ ಎತ್ತರದಲ್ಲಿರಬೇಕು, ಅಂದರೆ ನೀವು ಮಲಗಿರಬೇಕು. ಮೀನಖಂಡದ ಕೆಳಗೆ ಎರಡು ಮೂರು ದಿಂಬು, ಹಿಮ್ಮಡಿ ತುದಿಯಲ್ಲಿ ಗಾಳಿಯಲ್ಲಿರಲಿ, ಇಲ್ಲದಿದ್ದರೆ ಅಲ್ಲಿ ಒತ್ತು ಬೀಳುತ್ತದೆ. ರಾತ್ರಿ ದಿಂಬು ಜಾರುತ್ತದೆ. ನಮ್ಮ ರೋಗಿಯೊಬ್ಬರು ಮಂಚದ ಕಾಲಿನ ಕಡೆಯ ಎರಡು ಕಾಲಿಗೆ ಇಟ್ಟಿಗೆ ಕೊಟ್ಟುಕೊಂಡರು, ಒಳ್ಳೆಯ ಉಪಾಯ.

ನಾಳೆ ನಾಳಿದ್ದರಲ್ಲಿ ಹಿಮ್ಮಡಿಯ ಪಕ್ಕ, ಬೆರಳುಗಳ ಬುಡದಲ್ಲಿ ನೇರಳೆ, ಹಸಿರು ಬಣ್ಣ ಬರುತ್ತದೆ. ಪೆಟ್ಟು ಬಿದ್ದದ್ದು ಮೇಲೆ, ಕಪ್ಪಾಗಿದ್ದು ಕೆಳಗೆ ಅಂತ ಹೆದರಿ ಜನ ಆಗ ಓಡಿ ಬರುತ್ತಾರೆ. ಒಳಗೆ ಸೋರಿದ ರಕ್ತ ಚರ್ಮದ ಕೆಳಗೆ ತಗ್ಗಿಗೆ ಹರಿದು ಬಂದಿದೆ, ಅಷ್ಟೇ.

ರೆಸ್ಟ್ ವಿಷಯದಲ್ಲಿ ನಾವೇ ಮೊದಲು ತಪ್ಪು ಹೇಳುತ್ತಿದ್ದೆವು. ಮೂರು ವಾರ ಕಾಲು ಅಲ್ಲಾಡಿಸಬೇಡಿ ಅಂತಿದ್ದ ಕಾಲ ಹೋಯಿತು. ಒಂದೆರಡು ದಿನ ಭಾರ ಕಡಿಮೆ ಮಾಡಿ. ಊರುಗೋಲು ಅಥವಾ ಮನೆಯ ಹಿರಿಯರ ಕೋಲು ಹಿಡಿದರೆ ಬಲಗೈಯಲ್ಲಿ ಹಿಡಿಯಿರಿ, ನೋವಿನ ಕಾಲಿನ ಎದುರು ಕೈಯಲ್ಲಿ. ಬಹಳ ಜನ ನೋವಿರುವ ಕಡೆಯೇ ಹಿಡಿದು ಇನ್ನಷ್ಟು ವಾಲುತ್ತಾರೆ. ನೆಲದ ಕಕ್ಕಸಿನಲ್ಲಿ ಕುಕ್ಕರುಗಾಲಲ್ಲಿ ಕೂರುವುದು ಈ ವಾರ ಬೇಡ, ಕಮೋಡ್ ಇರುವ ಕಡೆ ಹೋಗಿ ಅಥವಾ ಕಮೋಡ್ ಕುರ್ಚಿ ಬಾಡಿಗೆಗೆ ತನ್ನಿ. ಗೇರಿಲ್ಲದ ಸ್ಕೂಟರ್ ಆದರೂ ಸಿಗ್ನಲಿನಲ್ಲಿ ಎಡಗಾಲು ಊರಿ ನಿಲ್ಲಬೇಕಲ್ಲ, ಅದೂ ಬೇಡ. ಗೇರಿನ ಬೈಕ್ ಓಡಿಸುವವರಿಗಂತೂ ಎಡಗಾಲಲ್ಲೇ ಕೆಲಸ.

ನಾಳೆಯಿಂದ ಮಲಗಿದಲ್ಲೇ ಪಾದವನ್ನು ನಿಧಾನವಾಗಿ ಮೂಗಿನ ಕಡೆಗೆ ಎಳೆದು ಬಿಡಿ, ಗಂಟೆಗೆ ಹತ್ತು ಸಲ. ಸ್ವಲ್ಪ ನೋವಾದರೆ ತೊಂದರೆಯಿಲ್ಲ, ಚುಚ್ಚಿದರೆ ನಿಲ್ಲಿಸಿ. ಒಳಕ್ಕೆ ತಿರುಗಿಸುವುದು ಈಗ ಬೇಡ. ನಾಲ್ಕನೇ ದಿನದ ಮೇಲೆ ಹೆಬ್ಬೆರಳನ್ನೇ ಬಳಪ ಮಾಡಿಕೊಂಡು ಗಾಳಿಯಲ್ಲಿ ಅ, ಆ, ಇ, ಈ ಬರೆಯಿರಿ. ನಮ್ಮ ಅಕ್ಷರಗಳು ಗುಂಡಗಿವೆ, ಗಂಟು ಎಲ್ಲಾ ದಿಕ್ಕಿಗೂ ತಿರುಗುತ್ತದೆ. ‘ಕ್ಷ’ ಬರುವಷ್ಟರಲ್ಲಿ ಸುಸ್ತಾಗುತ್ತದೆ.

ನೋವಿಗೆ ಪ್ಯಾರಸಿಟಮಾಲ್ 650 ಮಿ.ಗ್ರಾಂ. ಮಾತ್ರೆ, ಆರು ಗಂಟೆಗೆ ಒಂದರಂತೆ, ದಿನಕ್ಕೆ ನಾಲ್ಕಕ್ಕಿಂತ ಜಾಸ್ತಿ ಬೇಡ. ಲಿವರ್ ತೊಂದರೆ ಇದ್ದವರು ಕೇಳದೆ ತೆಗೆದುಕೊಳ್ಳಬಾರದು. ಡೈಕ್ಲೋಫೆನಾಕ್ ಜೆಲ್ ಮೇಲಿನಿಂದ ಹಚ್ಚಬಹುದು, ಉಜ್ಜದೆ. ಗ್ಯಾಸ್ಟ್ರಿಕ್ ಹುಣ್ಣು, ಕಿಡ್ನಿ ತೊಂದರೆ ಇರುವವರು ಇಬುಪ್ರೊಫೆನ್ ಥರದ ಮಾತ್ರೆಯನ್ನು ತಾವಾಗಿಯೇ ನುಂಗಬಾರದು. ಗರ್ಭಿಣಿಯರು ಆ ಮಾತ್ರೆಯನ್ನೂ ಬೇಡ, ಆ ಜೆಲ್ಲನ್ನೂ ಡಾಕ್ಟರನ್ನು ಕೇಳದೆ ಬಳಸುವುದು ಬೇಡ.

ಮೂರನೇ ದಿನ ಸಂಜೆ ಬೆರಳಿನ ಪರೀಕ್ಷೆಯನ್ನು ಇನ್ನೊಂದು ಸಲ ಮಾಡಿ. ಇವತ್ತು ಊತದಲ್ಲಿ ಮುಚ್ಚಿಹೋದ ಮೂಳೆಯ ನೋವು ಆಗ ಕಾಣಿಸಿಕೊಳ್ಳಬಹುದು. ಹೊಸದಾಗಿ ಹಿಂದಿನ ಅಂಚು ಚುಳ್ ಅಂದರೆ, ಅಥವಾ ಇವತ್ತು ಇಡುತ್ತಿರುವ ನಾಲ್ಕು ಹೆಜ್ಜೆಯೂ ಆಗ ಆಗದಿದ್ದರೆ, ಎಕ್ಸ್-ರೇ ತೆಗೆಸಿ. ಮೀನಖಂಡ ಗಟ್ಟಿಯಾಗಿ ನೋಯುತ್ತಾ ಊದಿಕೊಂಡರೆ ಅದು ಉಳುಕಿನದಲ್ಲ, ರಕ್ತ ಹೆಪ್ಪುಗಟ್ಟಿರಬಹುದು. ಅದಕ್ಕೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಎಲ್ಲ ಸರಿಯಿದ್ದರೂ ಐದನೇ ದಿನದ ಸುಮಾರಿಗೆ ಒಮ್ಮೆ ಮೂಳೆ ಡಾಕ್ಟರಿಗೆ ತೋರಿಸಿ. ಲಿಗಮೆಂಟ್ ಪೂರ್ತಿ ಹರಿದಿದೆಯಾ, ಅರ್ಧವಾ ಅಂತ ತಿಳಿಯಲು ಹಿಮ್ಮಡಿ ಹಿಡಿದು ಮುಂದಕ್ಕೆ ಎಳೆದು ನೋಡುತ್ತೇವೆ. ಮೊದಲೆರಡು ದಿನ ಇದನ್ನು ಮಾಡಿದರೆ ನೋವಿಗೆ ನೀವು ಸ್ನಾಯು ಬಿಗಿ ಹಿಡಿಯುತ್ತೀರಿ, ನಮಗೆ ಏನೂ ಗೊತ್ತಾಗುವುದಿಲ್ಲ. ನಾಲ್ಕೈದು ದಿನ ಕಳೆದರೆ ಚೆನ್ನಾಗಿ ತಿಳಿಯುತ್ತದೆ. ಬರುವಾಗ ಸಡಿಲ ಪೈಜಾಮವೋ ಲಂಗವೋ ಹಾಕಿಕೊಂಡು ಬನ್ನಿ, ಎರಡೂ ಕಾಲು ಮೊಣಕಾಲಿನ ತನಕ ನೋಡಬೇಕು. ಒಳ್ಳೆಯ ಬಲಗಾಲು ಎಷ್ಟು ಸಡಿಲ ಅಂತ ಮೊದಲು ನೋಡಿಕೊಂಡೇ ಎಡಗಾಲು ಮುಟ್ಟುವುದು.